ಸಹೋದ್ಯೋಗಿಯ ತಂದೆ ತೀರಿಕೊಂಡಾಗ: ಕನ್ನಡದಲ್ಲೊಂದು, ಇಂಗ್ಲಿಷ್‌ನಲ್ಲೊಂದು ಸಂದೇಶ ಬರೆಯುವುದು ಹೇಗೆ

ಆಫೀಸಿನ ವಾಟ್ಸಾಪ್ ಗ್ರೂಪಿಗೆ ಸಾವಿನ ಸುದ್ದಿ ಬಂದರೆ ಸಾಕು, ಐದೇ ನಿಮಿಷದಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟುತ್ತವೆ. ಓಂ ಶಾಂತಿ, ಆರ್‌ಐಪಿ, ಉರಿಯುವ ದೀಪದ ಒಂದು ಫಾರ್ವರ್ಡ್. ಮುನ್ನೂರು ಜನರ ಗ್ರೂಪಿನಲ್ಲಿ ಅದು ನಡೆಯುತ್ತದೆ. ಆದರೆ ದಿನಾ ಜೊತೆಯಲ್ಲಿ ಕಾಫಿ ಕುಡಿಯುವವರ ತಂದೆ ಹೋದಾಗ ಅಷ್ಟು ಸಾಲುವುದಿಲ್ಲ, ಅಲ್ವಾ? ಅವರಿಗೆ ನಾಲ್ಕು ಸಾಲು ಬರೆಯಬೇಕು. ಅದೇ ಸಂದೇಶ ಪುಣೆಯಲ್ಲೋ ಚೆನ್ನೈಯಲ್ಲೋ ಕೂತ ಮ್ಯಾನೇಜರಿಗೂ ಅರ್ಥವಾಗಬೇಕಾದರೆ ಇಂಗ್ಲಿಷ್‌ನಲ್ಲೂ ಬೇಕು. ಎಲ್ಲರೂ ತಡವರಿಸುವುದು ಇಲ್ಲೇ. ಕನ್ನಡದಲ್ಲಿ ಬರೆದರೆ ಊರಿನ ಸರ್ಕಲ್‌ನ ಫ್ಲೆಕ್ಸ್ ಥರ ಕಾಣುತ್ತದೆ. ಇಂಗ್ಲಿಷ್‌ನಲ್ಲಿ ಬರೆದರೆ ಎಚ್‌ಆರ್ ಸರ್ಕ್ಯುಲರ್ ಥರ ಕಾಣುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡೇ ಹೋಗೋಣ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿ. ಅಲ್ಲಿ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುವವರನ್ನು ಸವಿತಾ ಎಂದು ಕರೆಯೋಣ. ಊರು ಮದ್ದೂರಿನ ಕಡೆ, ತಂದೆ ಕಬ್ಬು ಬೆಳೆಯುವ ರೈತರು, ಎಪ್ಪತ್ತು ದಾಟಿದವರು. ಬೆಳಗಿನ ಜಾವ ಅವರು ತೀರಿಕೊಂಡಿದ್ದಾರೆ, ಸವಿತಾ ಊರಿಗೆ ಹೊರಟಿದ್ದಾರೆ. ಬರೆಯುತ್ತಿರುವವರು ಅದೇ ವಿಭಾಗದವರು, ಸರಿಸುಮಾರು ಅದೇ ವಯಸ್ಸು, ದಿನಾ ‘ನೀವು’ ಎಂದೇ ಮಾತಾಡುವವರು. ತಂದೆಯನ್ನು ಅವರು ಕಣ್ಣಿನಿಂದ ನೋಡಿಲ್ಲ.

ಮೊದಲು ವಿಷಯ ಖಚಿತ ಮಾಡಿಕೊಳ್ಳಿ

ತೀರಿಕೊಂಡವರು ತಂದೆಯೋ ಮಾವನೋ? ಕೇಳಿದರೆ ಸಣ್ಣ ವಿಷಯ ಅನಿಸಬಹುದು. ಆದರೆ ಸುದ್ದಿ ಮೂರು ಬಾಯಿ ದಾಟಿ ಬರುವಷ್ಟರಲ್ಲಿ ‘ಸವಿತಾ ಮೇಡಂ ಮನೇಲಿ ಸಾವಾಗಿದೆಯಂತೆ’ ಎಂಬಷ್ಟೇ ಉಳಿದಿರುತ್ತದೆ. ಇದನ್ನು ಸವಿತಾಗೇ ಫೋನ್ ಮಾಡಿ ಕೇಳಬೇಡಿ. ಅವರಿಗೆ ಹತ್ತಿರದವರು ಆಫೀಸಿನಲ್ಲಿ ಒಬ್ಬರಾದರೂ ಇರುತ್ತಾರೆ, ಅವರನ್ನು ಕೇಳಿ. ತಿಳಿಯಬೇಕಾದ್ದು ಮೂರೇ: ಯಾರು ತೀರಿಕೊಂಡರು, ಮಣ್ಣು ಎಲ್ಲಿ ಯಾವಾಗ, ಆಫೀಸಿನಲ್ಲಿ ಎಲ್ಲರಿಗೂ ಹೇಳಲು ಸವಿತಾ ಒಪ್ಪಿದ್ದಾರಾ. ಮೂರನೆಯದನ್ನು ಜನ ಮರೆಯುತ್ತಾರೆ. ಅವರು ಒಬ್ಬರಿಗೆ ಹೇಳಿ ರಜೆ ಹಾಕಿ ಹೋಗಿರಬಹುದು, ಇಡೀ ಗ್ರೂಪಿಗೆ ಸುದ್ದಿ ಬೇಡವೆಂದಿರಬಹುದು.

ಏನಾಗಿತ್ತು, ಹೇಗಾಯಿತು ಎಂಬುದು ಸಂದೇಶಕ್ಕೆ ಬೇಕಾಗಿಯೇ ಇಲ್ಲ. ಗೊತ್ತಿದ್ದರೂ ಬರೆಯಬೇಡಿ.

ಯಾರಿಗೆ ಬರೆಯುತ್ತಿದ್ದೀರಿ ಎಂಬುದನ್ನು ನೆನಪಿಡಿ

ಫ್ಲೆಕ್ಸ್‌ನಲ್ಲಿ ಬರುವ ‘ಭಾವಪೂರ್ಣ ಶ್ರದ್ಧಾಂಜಲಿ’ ಹೋದವರಿಗೆ ಸಲ್ಲುವ ಮಾತು. ನೀವು ಬರೆಯುವುದು ಉಳಿದವರಿಗೆ. ಸವಿತಾಗೆ ಹೇಳಬೇಕಾದ್ದನ್ನು ಬಿಟ್ಟು ಅವರ ತಂದೆಯ ಆತ್ಮಕ್ಕೆ, ದೇವರಿಗೆ, ವಿಧಿಗೆ ಮಾತಾಡುತ್ತಾ ಹೋದರೆ ಸಂದೇಶ ಎಷ್ಟೇ ಉದ್ದವಿದ್ದರೂ ಅವರಿಗೆ ತಾಗುವುದಿಲ್ಲ. ಒಂದೊಂದು ವಾಕ್ಯ ಬರೆದಾಗಲೂ ಇದು ಸವಿತಾಗೆ ಹೇಳಿದ್ದಾ ಎಂದು ನೋಡಿಕೊಳ್ಳಿ.

ಇನ್ನೊಂದು ವಿಷಯ. ಹಳ್ಳಿ ಮನೆಯಲ್ಲಿ ಅಂಥ ದಿನ ಫೋನ್ ಸವಿತಾ ಕೈಯಲ್ಲಿ ಇರುವುದೇ ಇಲ್ಲ. ತಮ್ಮನ ಕೈಯಲ್ಲೋ ಗಂಡನ ಕೈಯಲ್ಲೋ ಇರುತ್ತದೆ. ‘ನಿಮ್ಮ ಆಫೀಸಿನವರು ಹಿಂಗೆ ಬರೆದವ್ರೆ’ ಎಂದು ತಾಯಿಗೂ ಓದಿ ಹೇಳುತ್ತಾರೆ. ಆದ್ದರಿಂದ ಕನ್ನಡದ ಸಂದೇಶ ಕಿವಿಗೆ ಬೀಳುವ ಸಂದೇಶ. ಜೋರಾಗಿ ಓದಿ ನೋಡಿ. ನಾಲಿಗೆ ತೊಡರಿದರೆ ವಾಕ್ಯ ಬದಲಿಸಿ.

ಕರೆಯುವ ರೀತಿ ಮತ್ತು ಕ್ರಿಯಾಪದ

ಶಿಸ್ತು ಕಾಣಬೇಕಾದ್ದು ಇಲ್ಲಿ. ಸರಿಸಮಾನರಿಗೆ ‘ಸವಿತಾ ಅವರೇ’ ಎಂದು ಶುರು ಮಾಡಿದರೆ ಸಾಕು. ದಿನಾ ‘ಮೇಡಂ’ ಎಂದು ಕರೆಯುವವರು ಹಾಗೇ ಕರೆಯಲಿ, ಸಾವಿನ ಹೊತ್ತಿಗೆ ಹೊಸ ಸಂಬೋಧನೆ ಕಟ್ಟಬೇಕಿಲ್ಲ. ‘ಮಾನ್ಯರೇ’ ಬೇಡ, ಅದು ಅರ್ಜಿಗೆ. ಏಕವಚನದಲ್ಲಿ ಮಾತಾಡುವ ಗೆಳತಿಯಾದರೆ ಖಾಸಗಿ ಸಂದೇಶದಲ್ಲಿ ‘ನೀನು’ ಎಂದೇ ಬರೆಯಿರಿ, ಗ್ರೂಪಿನಲ್ಲಿ ಮಾತ್ರ ‘ನೀವು’ ಇರಲಿ.

ಹೋದವರಿಗೆ ಮಾತ್ರ ಎಲ್ಲ ಕಡೆಯೂ ಬಹುವಚನವೇ. ‘ನಿಮ್ಮ ತಂದೆಯವರು’ ಎಂದರೆ ಯಾರಿಗೂ ತಪ್ಪು ಅನಿಸುವುದಿಲ್ಲ. ಸವಿತಾ ಯಾವಾಗಲೂ ‘ಅಪ್ಪಾಜಿ’ ಎನ್ನುತ್ತಿದ್ದರೆ, ನೀವೂ ಅಷ್ಟು ಹತ್ತಿರದವರಾಗಿದ್ದರೆ, ಹಾಗೆ ಬರೆಯಬಹುದು. ಅವರು ಫೋನಿನಲ್ಲಿ ‘ನಮ್ಮಪ್ಪ ಹೋಗ್ಬುಟ್ರು ಕಣ್ರಿ’ ಎಂದಿರಬಹುದು. ಅದು ಅವರ ಮಾತು, ಅದನ್ನು ಹಾಗೇ ತಿರುಗಿಸಿ ಬರೆಯಲು ಹೋಗಬೇಡಿ.

ಕ್ರಿಯಾಪದಕ್ಕೆ ‘ತೀರಿಕೊಂಡರು’ ಸಾಕು. ಇದು ಎಲ್ಲ ಮನೆಗೂ, ಎಲ್ಲ ಧರ್ಮಕ್ಕೂ ಒಪ್ಪುತ್ತದೆ. ‘ಲಿಂಗೈಕ್ಯರಾದರು’ ಎಂಬುದು ಲಿಂಗಾಯತರ ಮನೆಯ ಮಾತು. ‘ವೈಕುಂಠವಾಸಿ’ಯಾಗುವುದು, ‘ಶಿವೈಕ್ಯ’ರಾಗುವುದು ಒಂದೊಂದು ಮನೆತನಕ್ಕೆ ಹೊಂದುವಂಥದ್ದು. ಆ ಮನೆಯವರೇ ಕಾರ್ಡಿನಲ್ಲಿ ಹಾಗೆ ಅಚ್ಚು ಹಾಕಿಸಿದ್ದನ್ನು ಕಂಡಿದ್ದರೆ ಬಳಸಿ, ಸುಮ್ನೆ ಊಹೆ ಮಾಡಿ ಬಳಸಬೇಡಿ. ಮುಸ್ಲಿಂ ಅಥವಾ ಕ್ರೈಸ್ತ ಸಹೋದ್ಯೋಗಿಗೆ ಅಭ್ಯಾಸಬಲದಿಂದ ‘ಓಂ ಶಾಂತಿ’ ಹಾಕಿಬಿಡುವವರನ್ನು ನೋಡಿದ್ದೇನೆ. ಕಳಿಸುವ ಮುನ್ನ ಒಂದು ಕ್ಷಣ ಯೋಚಿಸಿದರೆ ತಪ್ಪುತ್ತದೆ.

ಆತ್ಮೀಯತೆ ಒಂದೇ ಸಾಲಿನಲ್ಲಿ

ನನ್ನ ಅನುಭವದಲ್ಲಿ ಇಡೀ ಸಂದೇಶದ ಜೀವ ಇರುವುದು ಒಂದು ಸಾಲಿನಲ್ಲಿ. ಆ ಒಬ್ಬ ಮನುಷ್ಯನಿಗೆ ಮಾತ್ರ ಹೊಂದುವ ಸಾಲು ಅದು. ಅದು ಇದ್ದರೆ ಉಳಿದ ಸಾಲುಗಳು ಎಷ್ಟು ಸಾಮಾನ್ಯವಾಗಿದ್ದರೂ ನಡೆಯುತ್ತದೆ. ಅದಿಲ್ಲದಿದ್ದರೆ ‘ಅಪಾರ’, ‘ತುಂಬಲಾರದ’, ‘ಅತೀವ’ ಎಂದು ಎಷ್ಟು ಸೇರಿಸಿದರೂ ಸಂದೇಶ ಬೆಚ್ಚಗಾಗುವುದಿಲ್ಲ. ಹೀಗಾಗಿ ಆತ್ಮೀಯತೆಯನ್ನು ಎಲ್ಲ ಸಾಲಿಗೂ ಚೂರುಚೂರು ಹಂಚಬೇಡಿ. ಒಂದು ಸಾಲಿಗೆ ಪೂರ್ತಿ ಕೊಟ್ಟು, ಉಳಿದದ್ದನ್ನು ಮರ್ಯಾದೆಯಿಂದ, ಸರಳವಾಗಿ ಮುಗಿಸಿ.

ನೋಡದೇ ಇರುವವರ ಬಗ್ಗೆ ಏನು ಬರೆಯುವುದು? ಸವಿತಾ ಹೇಳಿದ್ದನ್ನು ನೆನಪು ಮಾಡಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ವಿಭಾಗದವರಿಗೆ ಅವರ ತಂದೆಯ ಬಗ್ಗೆ ಎರಡು ವಿಷಯ ಗೊತ್ತು. ಒಂದು, ದಿನಾ ಮಧ್ಯಾಹ್ನ ಮಗಳಿಗೆ ಫೋನ್ ಮಾಡಿ ಊಟ ಆಯ್ತಾ ಎಂದು ಕೇಳುತ್ತಿದ್ದರು. ಎರಡು, ಪ್ರತಿ ಸಂಕ್ರಾಂತಿಗೆ ವಿಭಾಗದ ಎಲ್ಲರಿಗೂ ಅಚ್ಚುಬೆಲ್ಲ ಕಟ್ಟಿ ಕಳಿಸುತ್ತಿದ್ದರು. ಪೊಟ್ಟಣಗಳು ಸರಿಯಾಗಿ ತಲೆಗೊಂದರಂತೆ ಇರುತ್ತಿದ್ದವು.

ಮೊದಲನೆಯದು ಎದೆಗೆ ನೇರ ತಾಗುತ್ತದೆ. ಬಹಳ ಜನ ಅದನ್ನೇ ಆರಿಸುತ್ತಾರೆ. ನಾನು ಆರಿಸುವುದಿಲ್ಲ. ಅದು ತಂದೆ ಮಗಳ ನಡುವಿನದು, ಆಫೀಸಿನವರು ಪಕ್ಕದಲ್ಲಿ ಕೂತು ಕೇಳಿಸಿಕೊಂಡದ್ದು. ಜೊತೆಗೆ ಇನ್ನು ಮುಂದೆ ಆ ಫೋನ್ ಬರುವುದಿಲ್ಲ ಎಂಬುದನ್ನು ಮೊದಲ ದಿನವೇ ನೆನಪಿಸಿದಂತಾಗುತ್ತದೆ. ಬೆಲ್ಲದ ಮಾತು ಹಾಗಲ್ಲ. ಅದು ಅವರು ನಮಗೆ ಮಾಡಿದ್ದು, ನಾವೇ ಹೇಳಬೇಕಾದ್ದು. ಅವರು ಎಂಥವರು ಎಂಬುದೂ ಅದರಲ್ಲಿ ಕಾಣುತ್ತದೆ. ಕೊರತೆಯನ್ನು ತೋರಿಸುವ ನೆನಪಿಗಿಂತ ಆ ಮನುಷ್ಯನನ್ನು ತೋರಿಸುವ ನೆನಪು ಮೊದಲ ದಿನಕ್ಕೆ ಒಳ್ಳೆಯದು. ಫೋನಿನ ವಿಷಯ ಇನ್ನೆಂದಾದರೂ ಸವಿತಾ ತಾವಾಗಿಯೇ ಎತ್ತಿದರೆ ಆಗ ಮಾತಾಡಬಹುದು.

ಏನೂ ಗೊತ್ತಿಲ್ಲದಿದ್ದರೆ ಕಟ್ಟಿ ಬರೆಯಬೇಡಿ. ‘ತುಂಬಾ ಒಳ್ಳೆಯವರಾಗಿದ್ದರು’ ಎಂದು ನೋಡದವರು ಬರೆದರೆ ಓದಿದವರಿಗೆ ಗೊತ್ತಾಗುತ್ತದೆ. ‘ಅವರನ್ನು ನೋಡುವ ಅವಕಾಶ ನಮಗೆ ಸಿಗಲಿಲ್ಲ, ಆದರೆ ನಿಮ್ಮ ಮಾತಿನಲ್ಲಿ ಅವರು ಆಗಾಗ ಬರುತ್ತಿದ್ದರು’ ಎಂದರೆ ಅದು ನಿಜ, ಅಷ್ಟೇ ಸಾಕು.

ಕರಡು, ಆಮೇಲೆ ತಿದ್ದಿದ್ದು

ಸಾಮಾನ್ಯವಾಗಿ ಮೊದಲು ಕೈಗೆ ಬರುವುದು ಹೀಗಿರುತ್ತದೆ:

> ಸವಿತಾ ಮೇಡಂರವರಿಗೆ, ತಮ್ಮ ಪೂಜ್ಯ ತಂದೆಯವರ ಅಕಾಲಿಕ ನಿಧನದ ವಾರ್ತೆ ಕೇಳಿ ಅತೀವ ದುಃಖವಾಗಿದೆ. ವಿಧಿಯ ಆಟದ ಮುಂದೆ ನಾವೆಲ್ಲ ಯಾರು? ಅವರ ಅಗಲಿಕೆಯಿಂದ ತುಂಬಲಾರದ ನಷ್ಟವಾಗಿದೆ. ಮೃತರ ಆತ್ಮಕ್ಕೆ ಚಿರಶಾಂತಿ ಸಿಗಲಿ. ಧೈರ್ಯ ತಂದುಕೊಳ್ಳಿ. ಏನೇ ಸಹಾಯ ಬೇಕಿದ್ದರೂ ಕೇಳಿ.

ತಪ್ಪೇನಿಲ್ಲ, ಆದರೆ ಯಾರ ಮನೆಗೆ ಬೇಕಾದರೂ ಕಳಿಸಬಹುದು. ‘ಅಕಾಲಿಕ’ ಎಂಬುದು ಎಪ್ಪತ್ತು ದಾಟಿದವರಿಗೆ ಹೊಂದುವುದಿಲ್ಲ. ‘ಮೃತರು’ ಪೊಲೀಸ್ ವರದಿಯ ಪದ, ಮಗಳಿಗೆ ಬರೆಯುವಾಗ ಒರಟು. ‘ವಿಧಿಯ ಆಟ’ ಎಂದರೆ ಆದದ್ದನ್ನು ನಾವೇ ವಿವರಿಸಿದಂತೆ. ‘ಧೈರ್ಯ ತಂದುಕೊಳ್ಳಿ’ ಎನ್ನುವುದನ್ನು ಎದುರಿಗೆ ಕೂತು ಕೈ ಹಿಡಿದು ಹೇಳಿದರೆ ಬೇರೆ, ಬರಹದಲ್ಲಿ ಅದು ಸಲಹೆಯಾಗುತ್ತದೆ. ‘ವಯಸ್ಸಾಗಿತ್ತಲ್ಲ’, ‘ನರಳದೆ ಹೋದರು, ಪುಣ್ಯವಂತರು’ ಎಂಬ ಮಾತುಗಳೂ ಅಷ್ಟೇ. ಸಾವಿನ ಮನೆಯ ಜಗಲಿಯಲ್ಲಿ ಹಿರಿಯರು ಆಡಿದರೆ ಹಿತವಾಗಿ ಕೇಳಿಸುತ್ತವೆ, ಫೋನಿನ ಪರದೆಯ ಮೇಲೆ ಹಾಗಲ್ಲ. ಕೊನೆಯ ‘ಏನೇ ಸಹಾಯ’ದಿಂದ ಕೆಲಸ ಅವರ ತಲೆಗೇ ಬೀಳುತ್ತದೆ. ಏನು ಬೇಕು ಎಂದು ಅವರೇ ಯೋಚಿಸಿ ಕೇಳಬೇಕು. ನೀವೇ ಒಂದನ್ನು ಹೇಳಿಬಿಡಿ. ಅಕೌಂಟ್ಸ್‌ನವರಿಗೆ ತಿಂಗಳ ಕೊನೆಯ ಕ್ಲೋಸಿಂಗ್ ತಲೆನೋವು ಏನೆಂದು ಗೊತ್ತಲ್ಲ.

ತಿದ್ದಿದ ಮೇಲೆ:

> ಸವಿತಾ ಅವರೇ,
>
> ನಿಮ್ಮ ತಂದೆಯವರು ತೀರಿಕೊಂಡ ವಿಷಯ ಬೆಳಿಗ್ಗೆ ತಿಳಿಯಿತು. ನಮಗೆಲ್ಲ ತುಂಬಾ ನೋವಾಗಿದೆ. ನಾವು ಅವರನ್ನು ನೋಡಿರಲಿಲ್ಲ. ಆದರೂ ಪ್ರತಿ ಸಂಕ್ರಾಂತಿಗೆ ಒಬ್ಬೊಬ್ಬರ ಪಾಲನ್ನೂ ಎಣಿಸಿ ಕಟ್ಟಿ ಅವರು ಕಳಿಸುತ್ತಿದ್ದ ಬೆಲ್ಲವನ್ನು ನಮ್ಮಲ್ಲಿ ಯಾರೂ ಮರೆಯುವುದಿಲ್ಲ.
>
> ಈ ದುಃಖ ತಡೆದುಕೊಳ್ಳುವ ಶಕ್ತಿಯನ್ನು ದೇವರು ನಿಮಗೂ ನಿಮ್ಮ ತಾಯಿಯವರಿಗೂ ಮನೆಯವರಿಗೆಲ್ಲರಿಗೂ ಕೊಡಲಿ. ತಿಂಗಳ ಕೊನೆಯ ಕೆಲಸ ನಾವು ನೋಡಿಕೊಳ್ಳುತ್ತೇವೆ, ಆ ಕಡೆ ಯೋಚನೆ ಬೇಡ. ಇದಕ್ಕೆ ಉತ್ತರ ಬರೆಯಬೇಕಿಲ್ಲ.
>
> ಅಕೌಂಟ್ಸ್ ವಿಭಾಗದ ಎಲ್ಲರ ಪರವಾಗಿ,
> (ನಿಮ್ಮ ಹೆಸರು)

ದೇವರ ಸಾಲು ಹಳೆಯದೇ. ನಾನು ಬೇಕೆಂದೇ ಉಳಿಸಿದ್ದೇನೆ. ಓದಿ ಹೇಳಿದಾಗ ತಾಯಿಗೆ ಪರಿಚಯದ ಮಾತು ಒಂದಾದರೂ ಕೇಳಿಸಬೇಕು. ಸವಿತಾ ದೇವರನ್ನು ನಂಬದವರು ಎಂದು ಗೊತ್ತಿದ್ದರೆ ‘ನಿಮ್ಮ ದುಃಖದಲ್ಲಿ ನಾವೂ ಜೊತೆಗಿದ್ದೇವೆ’ ಎಂದು ಬದಲಿಸಿ. ‘ಉತ್ತರ ಬರೆಯಬೇಕಿಲ್ಲ’ ಎಂಬುದನ್ನು ಬಿಡಬೇಡಿ. ಎಲ್ಲರಿಗೂ ‘ಥ್ಯಾಂಕ್ಸ್’ ಟೈಪ್ ಮಾಡುತ್ತಾ ಕೂರುವ ಹಿಂಸೆ ಅವರಿಗೆ ತಪ್ಪುತ್ತದೆ.

ಕೊನೆಯಲ್ಲಿ ‘ಮತ್ತೆ ಸಿಗೋಣ’, ‘ಬರ್ತೀನಿ’ ಥರದ ಮಾತು ಹಾಕಬೇಡಿ. ಸಾವಿನ ಮನೆಯಿಂದ ಎದ್ದು ಬರುವಾಗ ‘ಹೋಗಿ ಬರ್ತೀವಿ’ ಎಂದು ಹೇಳದೆ ಬರುವುದು ನಮ್ಮ ಕಡೆಯ ವಾಡಿಕೆ. ಬರಹದಲ್ಲೂ ಅದನ್ನೇ ಪಾಲಿಸಿದರೆ ಹಿರಿಯರ ಕಿವಿಗೆ ಚುಚ್ಚುವುದಿಲ್ಲ.

ಇಂಗ್ಲಿಷ್ ರೂಪ

ಕನ್ನಡವನ್ನು ಸಾಲು ಸಾಲಾಗಿ ಇಂಗ್ಲಿಷ್ ಮಾಡಬೇಡಿ. ಇಂಗ್ಲಿಷ್ ಬರೆದು ಕನ್ನಡ ಮಾಡುವುದಂತೂ ಇನ್ನೂ ಅಪಾಯ. ಫೋನಿನ ಅನುವಾದದ ಆ್ಯಪ್‌ನಿಂದ ‘ನಿಮ್ಮ ನಷ್ಟಕ್ಕೆ ಕ್ಷಮಿಸಿ’ ಎಂಬಂಥ ವಾಕ್ಯ ಹೊರಬರಬಹುದು. ಅಕೌಂಟ್ಸ್‌ನವರಿಗೆ ನಷ್ಟ ಎಂದರೆ ಬೇರೇನೇ ಹೊಳೆಯುತ್ತದೆ! ಎರಡರಲ್ಲೂ ಒಂದೇ ಇರಬೇಕಾದ್ದು ವಿಷಯಗಳು: ಸುದ್ದಿ ತಿಳಿಯಿತು, ನೋವಾಯಿತು, ಬೆಲ್ಲ, ಮನೆಯವರು, ಕೆಲಸದ ಹೊಣೆ. ಆ ಐದನ್ನು ಚೀಟಿಯಲ್ಲಿ ಬರೆದುಕೊಂಡು, ಕನ್ನಡದ ಸಂದೇಶವನ್ನು ಮುಚ್ಚಿಟ್ಟು, ಇಂಗ್ಲಿಷ್ ಅನ್ನು ಹೊಸದಾಗಿ ಬರೆಯಿರಿ.

```
Dear Savitha,

We were very sorry to hear this morning that your father
has passed away. We never met him, but none of us will
forget the jaggery he sent every Sankranti, with a share
packed for each one of us.

Our thoughts are with you, your mother and your family.
We will take care of the month-end work, so please do not
worry about it. There is no need to reply.

With deepest sympathy,
All of us in Accounts
```

ಇಲ್ಲಿ ದೇವರ ಸಾಲು ಇಲ್ಲ. ಬೇರೆ ಬೇರೆ ಊರಿನವರು, ಬೇರೆ ಬೇರೆ ನಂಬಿಕೆಯವರು ಒಟ್ಟಿಗೆ ಸಹಿ ಹಾಕುವ ಮೇಲ್ ಇದು. ‘ನಮ್ಮ ಮನಸ್ಸು ನಿಮ್ಮ ಜೊತೆಗಿದೆ’ ಎಂಬ ಅರ್ಥದ ಸಾಲು ಎಲ್ಲರ ಬಾಯಿಗೂ ಒಪ್ಪುತ್ತದೆ. ತಾಯಿಯನ್ನು ಮಾತ್ರ ಬಿಟ್ಟಿಲ್ಲ. ಇಂಗ್ಲಿಷ್ ಸಂದೇಶಗಳಲ್ಲಿ ‘ಫ್ಯಾಮಿಲಿ’ ಎಂದು ಮುಗಿಸಿಬಿಡುವುದು ಜಾಸ್ತಿ, ಹೆಸರಿಸಿ ಹೇಳಿದರೆ ಅದೇ ವಾಕ್ಯ ಹತ್ತಿರವಾಗುತ್ತದೆ.

ನಮ್ಮ ಆಫೀಸುಗಳ ಇಂಗ್ಲಿಷ್‌ನಲ್ಲಿ ಎರಡು ಚಾಳಿ ಇವೆ. ಒಂದು ‘ಎಕ್ಸ್‌ಪೈರ್ಡ್’. ರಜೆ ಅರ್ಜಿಯಲ್ಲಿ ನಾವೆಲ್ಲ ಬರೆದವರೇ, ಆದರೆ ಹೊರಗಿನವರಿಗೆ ಅದು ಔಷಧಿ ಡಬ್ಬಿಯ ಮೇಲಿನ ಪದ. ಇನ್ನೊಂದು ‘ಸ್ಯಾಡ್ ಡಿಮೈಸ್’. ನೋಟಿಸ್ ಬೋರ್ಡಿಗೆ ಸರಿ, ಒಬ್ಬರ ಇನ್‌ಬಾಕ್ಸಿಗೆ ಬೇಡ. ‘ಪಾಸ್ಡ್ ಅವೇ’ ಎರಡೂ ಕಡೆ ಹೊಂದುತ್ತದೆ.

ಬೆಲ್ಲಕ್ಕೂ ಸಂಕ್ರಾಂತಿಗೂ ಇಂಗ್ಲಿಷ್‌ನಲ್ಲಿ ವಿವರಣೆ ಹಾಕಲು ಹೋಗಬೇಡಿ. ಪುಣೆಯ ಮ್ಯಾನೇಜರಿಗೆ ಎರಡೂ ಗೊತ್ತು. ಗೊತ್ತಿಲ್ಲದಿದ್ದರೂ ತೊಂದರೆಯಿಲ್ಲ, ಸಂದೇಶ ಬರೆದದ್ದು ಸವಿತಾಗೆ.

ಕಳಿಸುವ ಮುನ್ನ

ಕನ್ನಡದ್ದು ಸವಿತಾ ಫೋನಿಗೆ, ಇಂಗ್ಲಿಷ್‌ನದು ವಿಭಾಗದ ಮೇಲ್‌ನಲ್ಲಿ. ಕನ್ನಡದ್ದು ಮೊದಲು ಹೋಗಲಿ, ಆ ದಿನವೇ, ಸಂಜೆಯೊಳಗೆ. ಒಂದೇ ಮೇಲ್‌ನಲ್ಲಿ ಎರಡನ್ನೂ ಹಾಕುವುದಾದರೆ ಕನ್ನಡ ಮೇಲೆ, ಇಂಗ್ಲಿಷ್ ಕೆಳಗೆ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಮೇಲ್‌ಗೆ ಅಂಟಿಸಿದರೆ ಆ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಅನುಮಾನವಿದ್ದರೆ ಮೊದಲು ನಿಮ್ಮದೇ ಫೋನಿಗೆ ಕಳಿಸಿ ನೋಡಿ. ಕಾಗುಣಿತ ಇನ್ನೊಬ್ಬರಿಂದ ಓದಿಸಿ. ಬಾಯಲ್ಲಿ ಅಕಾರ ಹಕಾರ ಅದಲು ಬದಲಾಗುವುದರಿಂದ ‘ಅಗಲಿದ’ ಎಂಬುದು ಎಷ್ಟೋ ಫ್ಲೆಕ್ಸ್‌ಗಳಲ್ಲಿ ‘ಹಗಲಿದ’ ಆಗಿರುತ್ತದೆ. ‘ಶ್ರದ್ಧಾಂಜಲಿ’ಯೂ ಅಷ್ಟೇ, ‘ಶೃ’ ಆಗಿಬಿಡುತ್ತದೆ. ನಮ್ಮ ಸಂದೇಶದಲ್ಲಿ ಆ ಪದಗಳೇ ಇಲ್ಲ, ಒಂದು ಕಾಟ ಕಡಿಮೆ.

ಮೇಲ್‌ನ ಕೆಳಗೆ ತಾನಾಗಿ ಅಂಟಿಕೊಳ್ಳುವ ಸಹಿಯನ್ನು ಅಳಿಸಿ. ಕಂಪನಿ ಲೋಗೊ, ದಸರಾ ರಿಯಾಯಿತಿ ಬ್ಯಾನರ್, ‘ಹ್ಯಾವ್ ಎ ಗ್ರೇಟ್ ಡೇ’ ಇರುವ ಸಹಿ ಸಾವಿನ ಸಂದೇಶದ ಕೆಳಗೆ ಹೋಗಿ ಕೂತರೆ ಮೇಲಿನದೆಲ್ಲ ಹಾಳು.

ಕೆಲಸದ ಮಾತು ‘ನಾವು ನೋಡಿಕೊಳ್ಳುತ್ತೇವೆ’ ಎಂಬಲ್ಲಿಗೆ ನಿಲ್ಲಲಿ. ಪಾಸ್‌ವರ್ಡ್ ಎಲ್ಲಿದೆ, ಆ ಫೈಲ್ ಯಾರ ಹತ್ತಿರ ಎಂಬ ಪ್ರಶ್ನೆ ಅದೇ ಸಂದೇಶದಲ್ಲಿ ಬೇಡ. ತೀರಾ ಅಗತ್ಯವಿದ್ದರೆ ಒಂದೆರಡು ದಿನ ಬಿಟ್ಟು, ಬೇರೆಯಾಗಿ, ಒಬ್ಬರೇ ಕೇಳಿ. ಮೂರನೇ ದಿನದ ಹಾಲುತುಪ್ಪದ ಹೊತ್ತಿನಲ್ಲಂತೂ ಬೇಡ.

ಹನ್ನೊಂದನೇ ದಿನದ ತಿಥಿಗೆ ಕರೆ ಬಂದರೆ ಹೋಗಿ ಬನ್ನಿ. ಸಂದೇಶದಲ್ಲೇ ‘ತಿಥಿಗೆ ಬರುತ್ತೇವೆ’ ಎಂದು ಬರೆಯುವುದು ಖಂಡಿತ ಹೋಗುವವರಿಗೆ ಮಾತ್ರ. ಊರ ಮನೆಯಲ್ಲಿ ಬರುವವರ ಲೆಕ್ಕಕ್ಕೇ ಅಡುಗೆ ಮಾಡಿಸುತ್ತಾರೆ.

ಸುದ್ದಿ ತಡವಾಗಿ ತಿಳಿದರೆ

ನೀವು ರಜೆಯಲ್ಲಿದ್ದಿರಿ, ಮೂರು ವಾರದ ಮೇಲೆ ಗೊತ್ತಾಯಿತು. ತಡವಾಯಿತೆಂದು ಸುಮ್ಮನಿರಬೇಡಿ, ತಡವಾದ್ದಕ್ಕೆ ಉದ್ದ ಸಮಜಾಯಿಷಿಯೂ ಬೇಡ. ಅಷ್ಟು ಹೊತ್ತಿಗೆ ಸಂದೇಶಗಳ ಗದ್ದಲ ಮುಗಿದಿರುತ್ತದೆ, ಸವಿತಾ ವಾಪಸ್ ಕೆಲಸಕ್ಕೂ ಬಂದಿರುತ್ತಾರೆ. ಇಂಗ್ಲಿಷ್ ರೂಪ ಆಗ ಬೇಕಾಗುವುದಿಲ್ಲ. ಖಾಸಗಿಯಾಗಿ ಎರಡು ಸಾಲು ಸಾಕು:

> ಸವಿತಾ ಅವರೇ, ನಿಮ್ಮ ತಂದೆಯವರು ತೀರಿಕೊಂಡ ವಿಷಯ ನನಗೆ ಇವತ್ತು ತಿಳಿಯಿತು, ತುಂಬಾ ಬೇಜಾರಾಯಿತು. ತಾಯಿಯವರು ಹೇಗಿದ್ದಾರೆ? ನಿಮಗೆ ಬಿಡುವಾದಾಗ ಮಾತಾಡೋಣ.

ಮೊದಲ ದಿನದ ಸಂದೇಶದಲ್ಲಿ ಪ್ರಶ್ನೆ ಬೇಡ. ಮೂರು ವಾರದ ಮೇಲೆ ಕೇಳಬಹುದು, ಆ ಹೊತ್ತಿಗೆ ತಾಯಿಯ ಬಗ್ಗೆ ಕೇಳುವವರು ಕಡಿಮೆಯಾಗಿರುತ್ತಾರೆ.